ಟೆಸ್ಟ್ ಬೆಡ್ಡಿನಿಂದ ಸಾಫ್ಟ್‌ವೇರ್‌ಗೆ: ನನಗೆ ಸರಿಹೊಂದುವ ಸೀಟು ಹುಡುಕಿದ ಬಗೆ

ಇಂಜಿನ್ನನ್ನು ಓಡಿಸಿ ಪರೀಕ್ಷಿಸುವ ಟೆಸ್ಟ್ ಬೆಡ್ಡಿನಲ್ಲಿ ಕೆಲವು ವರ್ಷ ಕೆಲಸ ಮಾಡಿ ಆಮೇಲೆ ಸಾಫ್ಟ್‌ವೇರ್ ಕಡೆ ಬಂದವನು ನಾನು. ಈಗ ಬೆಂಗಳೂರಿನಲ್ಲಿ ಗಾಡಿಗಳ ಇಂಜಿನ್ ನಡೆಸುವ ಕಂಪ್ಯೂಟರನ್ನು, ಅಂದರೆ ಇಸಿಯುವನ್ನು, ಟೆಸ್ಟ್ ಮಾಡುವ ಪ್ರೋಗ್ರಾಂ ಬರೆಯುತ್ತೇನೆ. ಮೆಕ್ಯಾನಿಕಲ್ ಓದಿದ ಹುಡುಗರು ಫೋನ್ ಮಾಡಿದಾಗ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಸರ್, ಜಾವಾ ಕಲೀಲಾ, ಪೈಥಾನ್ ಕಲೀಲಾ?" ಭಾಷೆ ಆಮೇಲೆ ನೋಡೋಣ, ಯಾವ ಕೆಲಸಕ್ಕೆ ಹೋಗ್ಬೇಕು ಅಂತಿದ್ದೀಯ ಅದನ್ನು ಮೊದಲು ಹೇಳು ಅನ್ನುತ್ತೇನೆ.

ಕಾರಣ ಇದೆ. ವೆಬ್‌ಸೈಟ್ ಮಾಡುವ ಕೆಲಸಕ್ಕೆ ನಾನು ಅರ್ಜಿ ಹಾಕಿದ್ದರೆ ನನ್ನ ಟೆಸ್ಟ್ ಬೆಡ್ ಅನುಭವಕ್ಕೆ ಅಲ್ಲಿ ಮೂರು ಕಾಸಿನ ಬೆಲೆಯೂ ಇರುತ್ತಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂರುವವನು ನನಗಿಂತ ಚಿಕ್ಕವನು, ನಾಲ್ಕು ವರ್ಷ ಕಂಪ್ಯೂಟರ್ ಸೈನ್ಸ್ ಓದಿದವನು, ನನಗಿಂತ ಕಡಿಮೆ ಸಂಬಳಕ್ಕೂ ಬರುತ್ತಾನೆ. ಅವನ ಜೊತೆ ಅವನ ಆಟವನ್ನೇ ಯಾಕೆ ಆಡಬೇಕು? ಹಾಗಾಗಿ ಕೆಲಸದ ಜಾಹೀರಾತು ಓದುವಾಗ ನಾನು ಒಂದೇ ಪ್ರಶ್ನೆ ಇಟ್ಟುಕೊಂಡೆ. ಈ ಕೆಲಸದಲ್ಲಿ ಪ್ರೋಗ್ರಾಂ ತಪ್ಪು ಉತ್ತರ ಕೊಟ್ಟರೆ ಅದು ತಪ್ಪು ಅಂತ ಮೊದಲು ಯಾರಿಗೆ ಗೊತ್ತಾಗುತ್ತದೆ? ಕೋಡ್ ಗೊತ್ತಿರುವವನಿಗಾ, ಮೆಷಿನ್ ಗೊತ್ತಿರುವವನಿಗಾ? ಎರಡನೆಯದಾದರೆ ಮುಂದಕ್ಕೆ ಓದುತ್ತಿದ್ದೆ.

ಈ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರ ಬರುವುದಿಲ್ಲ. ಟೂಲ್ ರೂಮಿನಲ್ಲಿದ್ದ ನನ್ನ ಗೆಳೆಯ ಕ್ಯಾಡ್ ಆಟೊಮೇಷನ್‌ಗೆ ಹೋದ. ಡ್ರಾಯಿಂಗ್ ಮಾಡುವವರ ದಿನವಿಡೀ ಕೆಲಸವನ್ನು ಪ್ರೋಗ್ರಾಂ ಬರೆದು ಕೆಲವು ನಿಮಿಷಕ್ಕೆ ಇಳಿಸುವುದು ಅವನ ಕೆಲಸ. ಪ್ರೊಡಕ್ಷನ್‌ನಲ್ಲಿದ್ದವರಿಗೆ ಶಾಪ್ ಫ್ಲೋರ್ ಡೇಟಾ ನೋಡುವ ಸಾಫ್ಟ್‌ವೇರ್ ಹೊಂದುತ್ತದೆ. ನನಗೆ ಗೊತ್ತಿದ್ದದ್ದು ಇಂಜಿನ್, ಕೂಲಂಟ್, ಸೆನ್ಸರ್, ಡೈನೋ. ಜಾಬ್ ಸೈಟ್‌ನಲ್ಲಿ ಇಸಿಯು ಟೆಸ್ಟ್ ಮಾಡುವ ವಿಧಾನ HIL, ಅದಕ್ಕೆ ಬಳಸುವ ಸಾಫ್ಟ್‌ವೇರ್ CANoe, ಅದರ ಭಾಷೆ CAPL ಅಂತ ಹುಡುಕಿದಾಗ ಬಂದ ಕೆಲಸಗಳೆಲ್ಲ ನನ್ನ ಊರಿನವೇ ಅನ್ನಿಸಿತು. ಇಂಥ ಕೆಲಸ ಬೆಂಗಳೂರು, ಪುಣೆಯಲ್ಲಿ ಸಾಕಷ್ಟಿದೆ.

ಹಿಲ್ ಅಂದರೆ ಏನು ಅಂತ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಇಸಿಯು ನಿಜವಾದದ್ದು, ಇಂಜಿನ್ ಸುಳ್ಳು. ಒಂದು ಕಂಪ್ಯೂಟರ್ ಇಂಜಿನ್ನಿನ ಲೆಕ್ಕ ಹಾಕಿ, ನಿಜವಾದ ಸೆನ್ಸರ್ ಕೊಡುವಂಥ ವೋಲ್ಟೇಜನ್ನೇ ಇಸಿಯುಗೆ ಕೊಡುತ್ತದೆ. ಇಸಿಯು ಅದನ್ನು ನಂಬಿ ಫ್ಯಾನ್, ಇಂಜೆಕ್ಟರ್ ಎಲ್ಲ ನಡೆಸುತ್ತದೆ. ಅದು ಸರಿಯಾಗಿ ನಡೆಸಿತಾ ಅಂತ ನಮ್ಮ ಟೆಸ್ಟ್ ಪ್ರೋಗ್ರಾಂ ನೋಡುತ್ತದೆ. ಇಂಜಿನ್ ಸುಟ್ಟುಹೋಗುವ ಪರಿಸ್ಥಿತಿಯನ್ನೂ ಇಂಜಿನ್ ಸುಡದೆ ಪರೀಕ್ಷೆ ಮಾಡಬಹುದು, ಅದೇ ಲಾಭ.

ರೆಸ್ಯೂಮೆಯಲ್ಲಿ "ಪೈಥಾನ್ ಗೊತ್ತು" ಅಂತ ಸುಮ್ನೆ ಬರೆದರೆ ಯಾರೂ ನಂಬುವುದಿಲ್ಲ. ತೋರಿಸಲು ಏನಾದರೂ ಬೇಕಿತ್ತು. ನಮ್ಮ ಮಾವನ ಹಳೇ ಕಾರು ಆಗ ಮೈಲೇಜ್ ಕಡಿಮೆ ಕೊಡುತ್ತಿತ್ತು. ಚೆಕ್ ಇಂಜಿನ್ ಲೈಟ್ ಬಂದಿರಲಿಲ್ಲ. ಕಾರಿನ ಇಸಿಯು ಜೊತೆ ಮಾತಾಡಲು ಒಂದು ELM327 ಅಡಾಪ್ಟರ್ ತಂದು ಸ್ಟಿಯರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ ಸಿಕ್ಕಿಸಿದೆ. `0105` ಅಂತ ಕಳಿಸಿದರೆ ಕೂಲಂಟ್ ತಾಪಮಾನ ಬರುತ್ತದೆ. ಬರುವುದು ಹೆಕ್ಸ್ ನಂಬರ್, ಅದರಲ್ಲಿ 40 ಕಳೆಯಬೇಕು:

```python
def coolant(resp):
    b = resp.split()
    return int(b[2], 16) - 40

print(coolant("41 05 7B"))   # 83
```

`7B` ಅಂದರೆ 123, ಅದರಲ್ಲಿ 40 ಹೋದರೆ 83 ಡಿಗ್ರಿ. ಹೀಗೇ ವೇಗಕ್ಕೆ `010D`. ಎರಡನ್ನೂ ಸೆಕೆಂಡಿಗೊಮ್ಮೆ ಫೈಲಿಗೆ ಬರೆಸಿ ಗ್ರಾಫ್ ಹಾಕಿದೆ. ಯಶವಂತಪುರದ ಟ್ರಾಫಿಕ್ಕಿನಲ್ಲಿ 84 ಇದ್ದದ್ದು ನೆಲಮಂಗಲ ದಾಟಿ ಹೈವೇಗೆ ಬಿದ್ದ ಮೇಲೆ 70ರ ಕೆಳಕ್ಕೆ ಇಳಿಯಿತು. ಟೋಲ್‌ನಲ್ಲಿ ನಿಂತಾಗ ಮತ್ತೆ ಏರಿತು. ಇಂಜಿನ್ ಗೊತ್ತಿದ್ದವರಿಗೆ ಇದು ಥರ್ಮೋಸ್ಟಾಟ್ ತೆರೆದೇ ಇದೆ ಅನ್ನುವುದರ ಗುರುತು. ಅದು ಸರಿಯಿದ್ದರೆ ಇಂಜಿನ್ ತಣ್ಣಗಾಗುತ್ತಿದ್ದಂತೆ ಮುಚ್ಚಿಕೊಂಡು ರೇಡಿಯೇಟರ್ ಕಡೆ ನೀರು ಹೋಗದಂತೆ ತಡೆಯುತ್ತದೆ. ಇಲ್ಲಿ ಹೈವೇ ಗಾಳಿಗೆ ಎಲ್ಲ ತಣ್ಣಗಾಗುತ್ತಿತ್ತು. ತಣ್ಣಗಿದ್ದ ಇಂಜಿನ್ನಿಗೆ ಇಸಿಯು ಪೆಟ್ರೋಲ್ ಜಾಸ್ತಿ ಕೊಡುತ್ತದೆ. ಮೈಲೇಜ್ ಹೋಗುತ್ತಿದ್ದದ್ದು ಅಲ್ಲಿ.

ವೇಗ 60ಕ್ಕಿಂತ ಮೇಲಿದ್ದು, ಒಮ್ಮೆ ಬಿಸಿಯಾದ ಇಂಜಿನ್ ಐದು ನಿಮಿಷ 75ಕ್ಕಿಂತ ಕೆಳಗಿದ್ದರೆ ಎಚ್ಚರಿಕೆ ಕೊಡು ಅಂತ ಪ್ರೋಗ್ರಾಮಿಗೆ ಒಂದು ನಿಯಮ ಸೇರಿಸಿದೆ. ಇಡೀ ಪ್ರೋಗ್ರಾಂ ನೂರು ಸಾಲು ಇರಲಿಲ್ಲ. ಅದನ್ನು ಗಿಟ್‌ನಲ್ಲಿ ಹಾಕಿ, ಥರ್ಮೋಸ್ಟಾಟ್ ಬದಲಿಸುವ ಮೊದಲಿನ ಗ್ರಾಫ್, ಬದಲಿಸಿದ ಮೇಲಿನ ಗ್ರಾಫ್ ಎರಡನ್ನೂ ಇಟ್ಟೆ. ಸರ್ಟಿಫಿಕೇಟ್ ಕೋರ್ಸ್‌ಗಳ ಬಗ್ಗೆ ಯಾವ ಇಂಟರ್‌ವ್ಯೂನಲ್ಲೂ ಯಾರೂ ಕೇಳಲಿಲ್ಲ. ಈ ಗ್ರಾಫ್ ಬಗ್ಗೆ ಮಾತ್ರ ಎಲ್ಲರೂ ಕೇಳಿದರು.

ನಾನು ಸೇರಿದ ಕಡೆಯ ಇಂಟರ್‌ವ್ಯೂ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಹಾಳೆ ಕೊಟ್ಟರು. ಅದರಲ್ಲಿ ಇದ್ದದ್ದು ಇಷ್ಟೇ: ಕೂಲಂಟ್ 98 ಡಿಗ್ರಿ ಆದಾಗ ಫ್ಯಾನ್ ಆನ್ ಆಗಬೇಕು, 93ಕ್ಕೆ ಇಳಿದಾಗ ಆಫ್ ಆಗಬೇಕು. ಇದಕ್ಕೆ ಟೆಸ್ಟ್ ಕೇಸ್ ಬರೆಯಿರಿ.

97, 98, 99 ಕೊಟ್ಟು ನೋಡುವುದು ಯಾರಿಗಾದರೂ ಹೊಳೆಯುತ್ತದೆ. 95ರಲ್ಲಿ ಏನಾಗಬೇಕು ಅನ್ನುವುದು ಅದು ಮೇಲೆ ಹೋಗುತ್ತಿದೆಯಾ ಕೆಳಗೆ ಬರುತ್ತಿದೆಯಾ ಅನ್ನುವುದರ ಮೇಲೆ ನಿಂತಿದೆ. ಅದನ್ನೂ ಬರೆದೆ. ಆಮೇಲೆ ಸೆನ್ಸರ್ ವೈರ್ ಕಿತ್ತುಹೋದರೆ ಅಂತ ಯೋಚಿಸಿದೆ. ಕೂಲಂಟ್ ಸೆನ್ಸರ್ ಎನ್‌ಟಿಸಿ, ಅಂದರೆ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ವೈರ್ ಕಿತ್ತುಹೋದರೆ ರೆಸಿಸ್ಟೆನ್ಸ್ ಎಷ್ಟೋ ಮೇಲಕ್ಕೆ ಹೋಗಿ, ಇಸಿಯು ಕಣ್ಣಿಗೆ ಇಂಜಿನ್ ಮೈನಸ್ 40 ಡಿಗ್ರಿಯಲ್ಲಿ ಹೆಪ್ಪುಗಟ್ಟಿದ ಹಾಗೆ ಕಾಣುತ್ತದೆ. ಹಾಳೆಯಲ್ಲಿದ್ದ ಎರಡು ಸಾಲಿನ ಪ್ರಕಾರ ನಡೆದರೆ ಫ್ಯಾನ್ ಆಫ್! ಇಂಜಿನ್ ಕುದಿಯುತ್ತಿರುತ್ತದೆ, ಫ್ಯಾನ್ ನಿಂತಿರುತ್ತದೆ. ಹಾಗಾಗಿ `P0118` ಅನ್ನುವ ದೋಷದ ಕೋಡ್ ಬರಬೇಕು, ಜೊತೆಗೆ ಫ್ಯಾನ್ ಆನ್ ಆಗಬೇಕು ಅಂತ ಬರೆದೆ.

"ಇಂಜಿನ್ ನಿಜವಾಗಿಯೂ ತಣ್ಣಗಾಗಿದೆಯೋ ವೈರ್ ಕಿತ್ತಿದೆಯೋ ಇಸಿಯುಗೆ ಹೇಗೆ ಗೊತ್ತಾಗಬೇಕು?" ಅಂತ ಕೇಳಿದರು. ಅಲ್ಲಿಯೇ ಲೆಕ್ಕ ಹಾಕಿದೆ. ಆರು ಕಿಲೋ ಕೂಲಂಟ್, ಒಂದು ಕಿಲೋಗೆ ಒಂದು ಡಿಗ್ರಿ ಏರಿಸಲು ಸುಮಾರು 3.6 ಕಿಲೋಜೂಲ್ ಬೇಕು. ಅಂದರೆ ಡಿಗ್ರಿಗೆ 22 ಕಿಲೋಜೂಲ್ ಹತ್ತಿರ. ಕೂಲಂಟ್‌ಗೆ 20 ಕಿಲೋವ್ಯಾಟ್ ಬಿಸಿ ಬಂದರೂ ಸೆಕೆಂಡಿಗೆ ಒಂದು ಡಿಗ್ರಿ ಏರುವುದೇ ಕಷ್ಟ, ಇಳಿಯುವುದೂ ಅದೇ ಲೆಕ್ಕದಲ್ಲಿ. ಕಣ್ಣು ಮಿಟುಕಿಸುವಷ್ಟರಲ್ಲಿ 90ರಿಂದ ಮೈನಸ್ 40ಕ್ಕೆ ಬಿದ್ದರೆ ಅದು ವೈರ್ ಸಮಸ್ಯೆ, ಇಂಜಿನ್ನಿನದಲ್ಲ.

ಕೊನೆಗೆ ನಾನೇ ಒಂದು ಪ್ರಶ್ನೆ ಕೇಳಿದೆ. "ಕೀ ಆಫ್ ಮಾಡಿದ ಮೇಲೆ ಫ್ಯಾನ್ ಏನು ಮಾಡಬೇಕು? ಹಾಳೆಯಲ್ಲಿ ಇಲ್ವಲ್ಲ." ಘಾಟಿ ಹತ್ತಿ ಬಂದು ಕೀ ಆಫ್ ಮಾಡಿದರೆ ಪಂಪ್ ನಿಲ್ಲುತ್ತದೆ, ಆದರೆ ಇಂಜಿನ್ ಬ್ಲಾಕಿನ ಬಿಸಿ ನಿಂತ ನೀರಿಗೆ ಇಳಿಯುತ್ತಲೇ ಇರುತ್ತದೆ. ಕೆಲವು ನಿಮಿಷ ತಾಪಮಾನ ಮೇಲಕ್ಕೇ ಹೋಗುತ್ತದೆ. ಟೆಸ್ಟ್ ಬೆಡ್ಡಿನಲ್ಲಿ ಇದನ್ನು ದಿನಾ ನೋಡಿದವನು ನಾನು. ಆಗ ಫ್ಯಾನ್ ಓಡಬೇಕಾ, ಓಡಿದರೆ ಎಷ್ಟು ಹೊತ್ತು, ಬ್ಯಾಟರಿ ಇಳಿದರೆ ಏನು? ಎದುರಿದ್ದವರು ಪೆನ್ನು ತೆಗೆದು ಬರೆದುಕೊಂಡರು. ಕೋಡಿಂಗ್ ಸುತ್ತಿನಲ್ಲಿ ನಾನು ಸಾಧಾರಣವಾಗಿದ್ದೆ. ಒಂದು ಲಿಸ್ಟ್ ತಿರುಗಿಸುವುದು, ಒಂದು ಫೈಲ್ ಓದಿ ಸರಾಸರಿ ಹಾಕುವುದು, ಅಷ್ಟೇ ಬಂತು. ಅದು ಅಲ್ಲಿಗೆ ಸಾಕಾಗಿತ್ತು.

ಸೇರಿದ ಮೇಲೂ ಹಳೇ ವಿದ್ಯೆಯೇ ಜಾಸ್ತಿ ಕೈ ಹಿಡಿಯಿತು. ಇಂಜಿನ್ ನಿಂತಲ್ಲೇ ಓಡುತ್ತಿರುವಾಗಿನ ಫ್ಯಾನ್ ಟೆಸ್ಟ್ ಒಂದು ಪ್ರತಿದಿನ ಪಾಸ್ ಆಗುತ್ತಿತ್ತು. ಗ್ರಾಫ್ ನೋಡಿದರೆ ಫ್ಯಾನ್ ಹತ್ತಿದ ಐದೇ ಸೆಕೆಂಡಿಗೆ ಕೂಲಂಟ್ 98ರಿಂದ 93ಕ್ಕೆ ಇಳಿಯುತ್ತಿತ್ತು. ಎಲ್ಲಾದರೂ ಉಂಟೇ? ಫ್ಯಾನ್ ಹೆಚ್ಚುವರಿಯಾಗಿ 2 ಕಿಲೋವ್ಯಾಟ್ ಬಿಸಿ ತೆಗೆದರೂ ಐದು ಡಿಗ್ರಿ ಇಳಿಸಲು 50 ಸೆಕೆಂಡ್ ಮೇಲೆ ಬೇಕು. ಹುಡುಕಿದರೆ ಸುಳ್ಳು ಇಂಜಿನ್ನಿನ ಲೆಕ್ಕದಲ್ಲಿ, ಅಂದರೆ ಇಂಜಿನ್ ಮಾಡೆಲ್ಲಿನಲ್ಲಿ, ಕೂಲಂಟ್ ತೂಕ 6 ಇರಬೇಕಾದ ಕಡೆ 0.6 ಇತ್ತು. ಇದರಿಂದ ಆಗುತ್ತಿದ್ದ ಹಾನಿ ಸಣ್ಣದಲ್ಲ. 30 ಸೆಕೆಂಡ್‌ನಲ್ಲಿ ತಣ್ಣಗಾಗದಿದ್ದರೆ ಫ್ಯಾನ್ ಜೋರಾಗಬೇಕು ಅನ್ನುವ ಇನ್ನೊಂದು ನಿಯಮ ಇಸಿಯುನಲ್ಲಿತ್ತು. ಸುಳ್ಳು ಇಂಜಿನ್ ಅಷ್ಟು ಬೇಗ ತಣ್ಣಗಾಗುತ್ತಿದ್ದದ್ದರಿಂದ ಈ ಟೆಸ್ಟ್‌ನಲ್ಲಿ ಆ ಕೋಡ್ ಒಮ್ಮೆಯೂ ಓಡಿಯೇ ಇರಲಿಲ್ಲ. ತೂಕ ಸರಿ ಮಾಡಿದ ದಿನ ಟೆಸ್ಟ್ ಫೇಲ್ ಆಯಿತು. ಫ್ಯಾನ್ ಜೋರಾಗಲಿಲ್ಲ. ನಿಜವಾದ ತಪ್ಪು ಅಲ್ಲಿತ್ತು.

ನಾನು ಕಲಿತದ್ದರ ಪಟ್ಟಿ ಉದ್ದವಿಲ್ಲ. ಫೈಲ್, ಫಂಕ್ಷನ್, ಕ್ಲಾಸ್ ಮಟ್ಟದ ಪೈಥಾನ್. ಇನ್ನೊಬ್ಬರು ಬರೆದ ಸಿ ಕೋಡ್ ಓದಿ ಅರ್ಥ ಮಾಡಿಕೊಳ್ಳುವಷ್ಟು ಸಿ. ಗಿಟ್. ಗಾಡಿಯ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಕ್ಯಾನ್ ಬಸ್‌ನಲ್ಲಿ ಮೆಸೇಜ್ ಹೇಗೆ ಹೋಗುತ್ತದೆ, ಆ ಮೆಸೇಜಿನ ಅರ್ಥ ಬರೆದಿಟ್ಟ ಡಿಬಿಸಿ ಫೈಲಿನಲ್ಲಿ ಫ್ಯಾಕ್ಟರ್, ಆಫ್‌ಸೆಟ್ ಅಂದರೇನು ಅನ್ನುವುದು. ಹಾರ್ಡ್‌ವೇರ್ ಇಲ್ಲದೆಯೂ ಇದನ್ನು ಮನೆಯಲ್ಲಿ ಕಲಿಯಬಹುದು. `python-can` ಲೈಬ್ರರಿಯಲ್ಲಿ ವರ್ಚುವಲ್ ಬಸ್ ಇದೆ, ಒಂದು ಕಡೆಯಿಂದ ಕಳಿಸಿ ಇನ್ನೊಂದು ಕಡೆ ಓದಿಕೊಳ್ಳಬಹುದು. CANoe ದುಬಾರಿ, ಅದನ್ನು ಕೆಲಸಕ್ಕೆ ಸೇರಿದ ಮೇಲೇ ಕಲಿತೆ.

ಈ ದಾರಿಯಲ್ಲಿ ಒಂದು ಹಳ್ಳ ಇದೆ. ಹೆಸರಿಗೆ ಹಿಲ್ ಟೆಸ್ಟಿಂಗ್ ಅಂತ ಕರೆದು, ಯಾರೋ ಬರೆದಿಟ್ಟ ಟೆಸ್ಟ್‌ಗಳನ್ನು ಬೆಳಿಗ್ಗೆ ರನ್ ಮಾಡಿ ಸಂಜೆ ಎಕ್ಸೆಲ್‌ನಲ್ಲಿ ಪಾಸ್, ಫೇಲ್ ತುಂಬಿಸುವ ಕೆಲಸ ಕೊಡುವ ಕಡೆಗಳೂ ಇವೆ. ಅಲ್ಲಿ ಎರಡು ವರ್ಷ ಕೂತರೆ ಇಂಜಿನ್ನೂ ಮರೆಯುತ್ತದೆ, ಕೋಡೂ ಬರುವುದಿಲ್ಲ. ಸಂಬಳ ನೋಡಿ ಇದನ್ನು ಗುರುತಿಸಲು ಆಗುವುದಿಲ್ಲ, ಎರಡೂ ಕಡೆ ಶುರುವಿನ ಸಂಬಳ ಹೆಚ್ಚುಕಮ್ಮಿ ಒಂದೇ. ಇಂಟರ್‌ವ್ಯೂ ಕೊನೆಯಲ್ಲಿ "ಏನಾದರೂ ಕೇಳ್ಬೇಕಾ?" ಅಂದಾಗ ನಾನು ಎರಡು ಕೇಳುತ್ತಿದ್ದೆ. ಟೆಸ್ಟ್ ಫೇಲ್ ಆದರೆ ಕಾರಣ ಹುಡುಕುವುದು ನಿಮ್ಮ ಟೀಮಾ, ಬೇರೆಯವರಾ? ಇಂಜಿನ್ ಮಾಡೆಲ್ ತಪ್ಪಿದ್ದರೆ ಅದನ್ನು ತಿದ್ದುವವರು ಯಾರು? ಒಂದು ಕಡೆ "ಫೇಲ್ ಆದರೆ ಕ್ಲೈಂಟ್‌ಗೆ ಮೇಲ್ ಹಾಕ್ತೀವಿ" ಅಂದರು. ಅಲ್ಲಿಂದ ಬಂದ ಆಫರ್ ಬಿಟ್ಟೆ. ಇನ್ನೊಂದು ಕಡೆ, ಮಾಡೆಲ್ ನೋಡಿಕೊಳ್ಳುತ್ತಿದ್ದವರು ಬಿಟ್ಟುಹೋಗಿದ್ದಾರೆ, ನಿಮಗೆ ಸಿಮುಲಿಂಕ್ ಬರುತ್ತಾ ಅಂತ ತಿರುಗಿ ನನ್ನನ್ನೇ ಕೇಳಿದರು. ಕಾಲೇಜಿನಲ್ಲಿ ಸ್ವಲ್ಪ ಮಾಡಿದ್ದೆ ಅಂದೆ. ಸೇರಿದ್ದು ಅಲ್ಲಿಗೇ.