ದಿನಾಂಕ ಬದಲಿಸಿ ನೋಡಿ: ಸಿವಿಯಾರಿಟಿ, ಪ್ರಯಾರಿಟಿ ಬೇರೆಮಾಡಲು ಕಲಿಸುವುದು ಹೇಗೆ?

ಬಗ್ ಎಷ್ಟು ಹಾನಿ ಮಾಡುತ್ತದೆ ಅನ್ನುವುದು ಸಿವಿಯಾರಿಟಿ, ಅದನ್ನು ಎಷ್ಟು ಬೇಗ ಸರಿಮಾಡಬೇಕು ಅನ್ನುವುದು ಪ್ರಯಾರಿಟಿ; ಎರಡರಲ್ಲೂ 1 ಅಂದರೆ ಅತಿ ಹೆಚ್ಚು. ಹೊಸ ಟೆಸ್ಟರ್ ದಾಖಲಿಸಿದ ಬಗ್‌ಗಳನ್ನು ಒಮ್ಮೆ ತೆರೆದು ನೋಡಿ. ಸಿವಿಯಾರಿಟಿ 1 ಇರುವಲ್ಲೆಲ್ಲ ಪ್ರಯಾರಿಟಿಯೂ 1, ಅದು 3 ಆದರೆ ಇದೂ 3. ಎರಡೂ ಒಂದೇ ಎಂದುಕೊಂಡಿದ್ದಾರೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ವ್ಯಾಖ್ಯೆ ಬಾಯಿಪಾಠ ಮಾಡಿಸಿದರೆ ಇದು ಸರಿಹೋಗದು. ಯಾವ ಬಗ್ ಮೊದಲು ಹಿಡಿಯಬೇಕೆಂದು ತೀರ್ಮಾನಿಸುವ ಟ್ರಯಾಜ್ ಸಭೆಗೆ ಮುಂಚೆ ಅರ್ಧ ಗಂಟೆ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಈಗಾಗಲೇ ಮುಚ್ಚಿರುವ ಐದಾರು ಬಗ್ ಆರಿಸಿ, ಎರಡೂ ಕಾಲಂ ಮರೆಮಾಡಿ. ಒಂದೊಂದಕ್ಕೂ ಒಂದು ವಾಕ್ಯ ಬರೆಸಿ: ಏನು ಕೆಡುತ್ತದೆ, ಡೇಟಾ ಹಾಳಾಗುತ್ತದೆಯೇ, ಬಳಸುವವರಿಗೆ ಬೇರೆ ದಾರಿ ಇದೆಯೇ. ವಾಕ್ಯದೊಳಗೆ 'ನಾಳೆ', 'ರಿಲೀಸ್', 'ಗ್ರಾಹಕರಿಗೆ ಸಿಟ್ಟು ಬಂದಿದೆ' ಎಂಬಂಥ ಮಾತು ನುಸುಳಿದ್ದರೆ ಹೊಡೆದುಹಾಕಿಸಿ. ಉಳಿದದ್ದನ್ನು ನೋಡಿ ಸಿವಿಯಾರಿಟಿ ಹಾಕಲಿ.

ಈಗ ದಿನಾಂಕ ಬದಲಿಸುವ ಆಟ. ಒಂದು ಬಗ್ ಹೀಗಿದೆ ಎನ್ನಿ: ದಿನದ ಲೆಕ್ಕ ಮುಚ್ಚುವ ಪ್ರೋಗ್ರಾಂ ಫೆಬ್ರವರಿ 29ರಂದು ಕ್ರ್ಯಾಶ್ ಆಗುತ್ತದೆ, ಆ ದಿನದ ನಮೂದುಗಳೆಲ್ಲ ಅಳಿಸಿಹೋಗುತ್ತವೆ, ವಾಪಸ್ ತರುವ ದಾರಿಯಿಲ್ಲ. ಸಿವಿಯಾರಿಟಿ 1, ಅನುಮಾನವೇ ಇಲ್ಲ. ಇದು ಸಿಕ್ಕಿದ್ದು 2024ರ ಏಪ್ರಿಲ್‌ನಲ್ಲಾದರೆ? ಮುಂದಿನ ಫೆಬ್ರವರಿ 29 ಬರುವುದು 2028ಕ್ಕೆ. ಪ್ರಯಾರಿಟಿ 4 ಕೊಟ್ಟರೂ ತಪ್ಪಲ್ಲ. ಅದೇ ಬಗ್ 2028ರ ಜನವರಿಯಲ್ಲಿ ಸಿಕ್ಕರೆ ಉಳಿದ ಕೆಲಸ ಬಿಟ್ಟು ಇದನ್ನೇ ಹಿಡಿಯಬೇಕು. ಎರಡೂ ಸಲ ಕೋಡ್ ಅದೇ, ನಷ್ಟವೂ ಅದೇ. ಬದಲಾದದ್ದು ಕ್ಯಾಲೆಂಡರ್ ಮಾತ್ರ. ಯಾವ ಅಂಕಿ ಕದಲಿತು, ಯಾವುದು ಕದಲಲಿಲ್ಲ ಎಂದು ಅವರ ಬಾಯಲ್ಲೇ ಹೇಳಿಸಿ.

ಉಲ್ಟಾ ಉದಾಹರಣೆಯೂ ಬೇಕು. ಪಾವತಿ ಪುಟದಲ್ಲಿ ಸಹಾಯವಾಣಿ ನಂಬರಿನ ಒಂದು ಅಂಕಿ ತಪ್ಪಾಗಿದೆ. ಪಾವತಿ ಸರಿಯಾಗಿ ಆಗುತ್ತಿದೆ, ಡೇಟಾ ಭದ್ರ, ಸಿವಿಯಾರಿಟಿ 4. ಆದರೆ ಕರೆಗಳೆಲ್ಲ ಯಾರೋ ಅಪರಿಚಿತರ ಫೋನಿಗೆ ಹೋಗುತ್ತಿವೆ, ತಿದ್ದಲು ಒಂದು ಸಾಲು ಸಾಕು. ಆ ತಿದ್ದುಪಡಿ ಇವತ್ತೇ ಹೋಗಬೇಕು, ಪ್ರಯಾರಿಟಿ 1.

ಇಷ್ಟು ಕಲಿತವರೂ ಎಡವುವ ಜಾಗ ಒಂದಿದೆ. ತನ್ನ ಬಗ್ ಮೂಲೆಗೆ ಬೀಳುತ್ತದೆಂಬ ಭಯಕ್ಕೆ ಸಿವಿಯಾರಿಟಿ ಏರಿಸುತ್ತಾರೆ. (ಹಳಬರೂ ಮಾಡುತ್ತೇವೆ, ಬಿಡಿ.) ಮುಂದೆ ಯಾವ ಮಾಡ್ಯೂಲ್ ನಿಜವಾಗಿ ದುರ್ಬಲ ಎಂದು ಹುಡುಕಹೊರಟಾಗ ಆ ಅಂಕಿಗಳು ದಾರಿ ತಪ್ಪಿಸುತ್ತವೆ. ಬೇಗ ಸರಿಮಾಡಬೇಕು ಅನ್ನಿಸಿದರೆ ಆ ಕಾರಣವನ್ನು ಕಾಮೆಂಟಿನಲ್ಲಿ ಬರೆಯಲಿ. ಪ್ರಯಾರಿಟಿ ತೀರ್ಮಾನ ಸಾಮಾನ್ಯವಾಗಿ ಪ್ರಾಡಕ್ಟ್ ಓನರ್‌ದು, ಅವರಿಗೆ ಬೇಕಾದದ್ದೂ ಆ ಕಾರಣವೇ.

ಸಭೆಯಲ್ಲಿ ಒತ್ತಡ ಇನ್ನೊಂದು ಕಡೆಯಿಂದಲೂ ಬರುತ್ತದೆ. 'ಈ ರಿಲೀಸ್‌ನಲ್ಲಿ ಸರಿಮಾಡುವುದಿಲ್ಲವಲ್ಲ, ಸಿವಿಯಾರಿಟಿ ಇಳಿಸಿಬಿಡಿ' ಎನ್ನುತ್ತಾರೆ. ಆಗ ಒಂದೇ ಪ್ರಶ್ನೆ ಕೇಳಲು ಹೇಳಿಕೊಡಿ: 'ಬಗ್ ಬಗ್ಗೆ ಹೊಸದಾಗಿ ಏನು ಗೊತ್ತಾಯಿತು ಸರ್?' ಅಳಿಸಿಹೋದ ನಮೂದುಗಳು ಬ್ಯಾಕಪ್‌ನಲ್ಲಿ ಸಿಗುತ್ತವೆ ಎಂದು ಯಾರಾದರೂ ತೋರಿಸಿದರೆ ಇಳಿಸಬಹುದು. ಇಲ್ಲವಾದರೆ 1 ಹಾಗೇ ಇರಲಿ, ಪಕ್ಕದಲ್ಲಿ ಪ್ರಯಾರಿಟಿ 4 ಇದ್ದರೂ.