ಬಾದಾಮಿ ಬಣ್ಣ ಅಂದರೆ ಯಾವ ಬಣ್ಣ?

ನಾನು ಬಾಗಲಕೋಟೆಯ ನವನಗರದಲ್ಲಿ ಕೂತು ಮಕ್ಕಳ ಪುಸ್ತಕಗಳಿಗೆ ಚಿತ್ರ ಮಾಡುತ್ತೇನೆ. ಬಾದಾಮಿ ನೋಡಲು ಬರುವ ಮಕ್ಕಳಿಗಾಗಿ 12 ಚಿತ್ರ ಕಾರ್ಡುಗಳ ಒಂದು ಸೆಟ್ ಮಾಡುವ ಕೆಲಸ ಬಂದಿತ್ತು. ಸಮಯ ಕಮ್ಮಿ ಇತ್ತು. ಹಾಗಾಗಿ ಆರು ನನಗೆ, ಆರು ವಿಜಯಪುರದಲ್ಲಿರುವ ನನ್ನ ಚಿಕ್ಕಪ್ಪನ ಮಗಳಿಗೆ ಅಂತ ಹಂಚಿಕೊಂಡೆವು. ಅವಳು ಬ್ರಷ್ ಹಿಡಿದು ಕಲಿತವಳು, ಕಂಪ್ಯೂಟರಿಗೆ ಆಮೇಲೆ ಬಂದವಳು.

ಬಣ್ಣದ ಬಗ್ಗೆ ನಾನು ಅವಳಿಗೆ ಬರೆದು ಕಳಿಸಿದ್ದು ಇಷ್ಟೇ: "ಮಣ್ಣಿನ ಬಣ್ಣಗಳು, ಬೆಚ್ಚಗಿರಲಿ. ಗುಡ್ಡಕ್ಕೆ ಬಾದಾಮಿ ಬಣ್ಣ, ಕೆರೆಗೆ ಹಸಿರು, ಸೀರೆಗೆ ಕಡು ನೀಲಿ."

ವಾರದ ನಂತರ ಅವಳ ಮೊದಲ ಚಿತ್ರ ಬಂತು. ಗುಡ್ಡ ಪೂರ್ತಿ ಕೆನೆಯ ಹಾಗೆ ತೆಳು ಬಣ್ಣ. ನನ್ನ ಚಿತ್ರಗಳಲ್ಲಿ ಅದೇ ಗುಡ್ಡ ಕೆಂಪು ಕಲ್ಲಿನದು. ಫೋನ್ ಮಾಡಿದೆ.

"ಅಕ್ಕಾ, ನೀನs ಬಾದಾಮಿ ಬಣ್ಣ ಅಂದಿದ್ದೆಲ್ಲ? ಸೀರಿ ಅಂಗಡ್ಯಾಗ ಬಾದಾಮಿ ಕಲರ್ ಅಂದ್ರ ಇದನ್ನ ಕೊಡ್ತಾರ" ಅಂದಳು.

ಅವಳು ಹೇಳಿದ್ದು ಸರಿ. ನಾನು ಊರನ್ನು ನೆನೆದು ಬರೆದಿದ್ದೆ, ಅವಳು ಬೀಜವನ್ನು ನೆನೆದು ಓದಿದ್ದಳು. ಬಣ್ಣದ ಹೆಸರುಗಳ ತೊಂದರೆಯೇ ಇದು. ಗಿಳಿ ಹಸಿರು, ಇಟ್ಟಂಗಿ ಕೆಂಪು, ನವಿಲು ನೀಲಿ ಅಂತ ಹೇಳಿದರೆ ಕೇಳುವವರ ಮನಸ್ಸಿನಲ್ಲಿ ಒಂದು ಬಣ್ಣ ಮೂಡುತ್ತದೆ, ಆದರೆ ಅದು ನಮ್ಮದೇ ಆಗಿರಬೇಕೆಂದಿಲ್ಲ. ಹಾಗಂತ ಹೆಸರು ಬಿಟ್ಟು ಬರೀ ನಂಬರ್ ಕೊಟ್ಟರೆ ಕೆಲಸ ಮಾಡುವಾಗ ನೆನಪಿರುವುದಿಲ್ಲ. ಎರಡೂ ಬೇಕು. ಹೆಸರು ಒಂದು ಕಣ್ಣಿಗೆ ಕಾಣುವ ವಸ್ತುವನ್ನು ತೋರಿಸಬೇಕು, ನಂಬರ್ ಅದನ್ನು ಅಲ್ಲಾಡದಂತೆ ಹಿಡಿಯಬೇಕು.

ಮೊದಲಿನಿಂದ ಶುರು ಮಾಡಿದೆ. ಬಾದಾಮಿಯಲ್ಲಿ ನಾನೇ ತೆಗೆದಿದ್ದ ಫೋಟೋಗಳನ್ನು ತೆರೆದು, ಬಿಸಿಲು ಬಿದ್ದ ಕಲ್ಲಿನ ಮೇಲೆ ಬಣ್ಣ ಎತ್ತುವ ಟೂಲ್ ಇಟ್ಟೆ. ಒಂದೊಂದು ಚುಕ್ಕೆಗೂ ಒಂದೊಂದು ಬಣ್ಣ ಬಂತು, ಮರಳುಗಲ್ಲು ಅಲ್ವಾ, ಅದರಲ್ಲಿ ಎಷ್ಟೋ ಪದರಗಳಿವೆ. GIMP ಅನ್ನುವ ಚಿತ್ರ ತಿದ್ದುವ ಸಾಫ್ಟ್‌ವೇರಿನಲ್ಲಿ ಆ ಟೂಲಿಗೆ `Sample average` ಅಂತ ಒಂದು ಆಯ್ಕೆ ಇದೆ. ಅದನ್ನು ಹಾಕಿದರೆ ಸುತ್ತಲಿನ ಚುಕ್ಕೆಗಳ ಸರಾಸರಿ ಸಿಗುತ್ತದೆ. ಆದರೂ ಬೆಳಗಿನ ಫೋಟೋದಲ್ಲಿ ಒಂದು ಬಣ್ಣ, ಸಂಜೆಯದರಲ್ಲಿ ಇನ್ನೊಂದು. ಕೊನೆಗೆ ಸಂಜೆ ನಾಲ್ಕರ ಬಿಸಿಲಿನ ಒಂದೇ ಫೋಟೋ ಆರಿಸಿ, ಅದರ ಬಣ್ಣವೇ ಸೆಟ್ಟಿನ ಕಲ್ಲು ಅಂತ ತೀರ್ಮಾನ ಮಾಡಿದೆ. ಹೆಸರನ್ನು "ಗುಡ್ಡದ ಕಲ್ಲು, ನಾಲ್ಕರ ಬಿಸಿಲು" ಅಂತ ಬರೆದೆ. ಬಾದಾಮಿ ಅನ್ನುವ ಪದವನ್ನು ಬಣ್ಣದ ಚೀಟಿಯಿಂದಲೇ ತೆಗೆದೆ.

ಆ ಕಲ್ಲಿನ ಹ್ಯೂ 15 ಡಿಗ್ರಿ ಬಂತು. ಹ್ಯೂ ಅಂದರೆ ಬಣ್ಣದ ಚಕ್ರದ ಮೇಲೆ ಅದು ಕೂತಿರುವ ಜಾಗ. ಕಂಪ್ಯೂಟರಿನ ಚಕ್ರದಲ್ಲಿ ಕೆಂಪು 0, ಹಳದಿ 60, ಹಸಿರು 120, ನೀಲಿ 240. ಅಂದರೆ ನಮ್ಮ ಕಲ್ಲು ಕೆಂಪಿನಿಂದ ಸ್ವಲ್ಪ ಕಿತ್ತಳೆಯ ಕಡೆಗೆ ಸರಿದಿದೆ.

ಉಳಿದ ಬಣ್ಣಗಳನ್ನು ಸುಮ್ನೆ ಚಂದ ಕಂಡಿದ್ದಕ್ಕೆ ಆರಿಸದೆ, ಈ ಕಲ್ಲಿನ ಸಂಬಂಧದಿಂದ ಆರಿಸಬೇಕು ಅಂದುಕೊಂಡೆ. ಹಾರ್ಮನಿ ಅನ್ನುವುದು ಆ ಸಂಬಂಧದ ಹೆಸರು. ನೇರ ಎದುರಿನ ಬಣ್ಣ, ಅಂದರೆ ಕಾಂಪ್ಲಿಮೆಂಟರಿ, 180 ಡಿಗ್ರಿ ದೂರದಲ್ಲಿರುತ್ತದೆ. 15ಕ್ಕೆ 195. ಅದೊಂದು ಆಕಾಶ ನೀಲಿ. ಆದರೆ ನಮ್ಮ ಚಿತ್ರಗಳಲ್ಲಿ ಅಂಥ ವಸ್ತುವೇ ಇರಲಿಲ್ಲ. ಇದ್ದದ್ದು ಬಾದಾಮಿಯ ಕೆರೆ ಅಗಸ್ತ್ಯ ತೀರ್ಥದ ಹಸಿರು ನೀರು ಮತ್ತು ಇಳಕಲ್ ಸೀರೆಯ ಕಡು ನೀಲಿ. ಎದುರಿನ ಬಣ್ಣವನ್ನು ಬಿಟ್ಟು ಅದರ ಎರಡೂ ಪಕ್ಕಕ್ಕೆ 30 ಡಿಗ್ರಿ ಸರಿದರೆ 165 ಮತ್ತು 225 ಸಿಗುತ್ತವೆ. ಒಂದು ನೀಲಿ ಬೆರೆತ ಹಸಿರು, ಇನ್ನೊಂದು ಅಚ್ಚ ನೀಲಿಗೆ ಹತ್ತಿರದ ನೀಲಿ. ಕೆರೆಯೂ ಸೀರೆಯೂ ಅಲ್ಲೇ ಕೂತಿದ್ದವು. ಇದನ್ನು ಸ್ಪ್ಲಿಟ್ ಕಾಂಪ್ಲಿಮೆಂಟರಿ ಅನ್ನುತ್ತಾರೆ. ಜೊತೆಗೆ ಕಲ್ಲಿಗೆ ನೆರೆಯ ಬಣ್ಣವಾಗಿ 45 ಡಿಗ್ರಿಯ ಅರಿಶಿಣ. ಚಕ್ರದಲ್ಲಿ ಹೀಗೆ ಅಕ್ಕಪಕ್ಕ ಇರುವ ಬಣ್ಣಗಳಿಗೆ ಅನಾಲಗಸ್ ಅಂತ ಹೆಸರು. ಕಾಗದದ ಬಿಳಿಗೆ ಬದಲು ಜೋಳದ ರೊಟ್ಟಿಯ ತಿಳಿ ಬಣ್ಣ.

ಇದನ್ನು ಓದಿ ತಂಗಿ ಮತ್ತೆ ಫೋನ್ ಮಾಡಿದಳು. "ಕೆಂಪಿನ ಎದುರು ಹಸಿರು ಅಂತ ನಾವು ಕಲ್ತೀವಿ. ನೀ ನೋಡಿದ್ರ ಬ್ಯಾರೆ ಹೇಳಾಕತ್ತಿ."

ಇಬ್ಬರದೂ ಸರಿ. ಬ್ರಷ್ ಹಿಡಿಯುವವರ ಚಕ್ರದಲ್ಲಿ ಮೂಲ ಬಣ್ಣಗಳು ಕೆಂಪು, ಹಳದಿ, ನೀಲಿ. ಅಲ್ಲಿ ಕೆಂಪಿಗೆ ಎದುರು ಹಸಿರು. ಪರದೆಯ ಚಕ್ರದ ಮೂಲ ಬಣ್ಣಗಳು ಕೆಂಪು, ಹಸಿರು, ನೀಲಿ. ಅಲ್ಲಿ ಕೆಂಪಿಗೆ ಎದುರು ಹಸಿರು-ನೀಲಿ ಸೇರಿದ ಸಯಾನ್. ಹಾಗಾಗಿ ಹಾರ್ಮನಿಯ ಹೆಸರು ಬರೆಯುವಾಗ ಯಾವ ಚಕ್ರ ಅಂತ ಬರೆಯದಿದ್ದರೆ ಅರ್ಧ ಮಾತು ಮಾತ್ರ ಹೇಳಿದ ಹಾಗೆ.

ನಂಬರಿನಲ್ಲೂ ಒಂದು ಎಡವಟ್ಟು ಆಯಿತು. ನಾನು Inkscape ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ HSL, ಅಂದರೆ ಹ್ಯೂ, ಸ್ಯಾಚುರೇಶನ್ ಅನ್ನುವ ಬಣ್ಣದ ತೀವ್ರತೆ, ಲೈಟ್‌ನೆಸ್ ಅನ್ನುವ ಬೆಳಕಿನ ಅಳತೆ ನೋಡಿ ಕಲ್ಲಿಗೆ "15, 42, 50" ಅಂತ ಬರೆದಿದ್ದೆ. ಅವಳು GIMPನ HSV ಜಾಗದಲ್ಲಿ ಅದೇ ಮೂರು ಅಂಕಿ ಹಾಕಿದಳು. ಗುಡ್ಡ ಕಾಫಿ ಪುಡಿಯ ಹಾಗೆ ಕಪ್ಪಾಗಿ ಬಂತು. HSL ಮತ್ತು HSV ಎರಡರಲ್ಲೂ ಹ್ಯೂ ಒಂದೇ, ಆದರೆ ಉಳಿದೆರಡು ಅಂಕಿಗಳ ಲೆಕ್ಕ ಬೇರೆ. ಅದೇ ಕಲ್ಲು HSVಯಲ್ಲಿ 15, 59, 71 ಆಗುತ್ತದೆ. ಅವತ್ತಿನಿಂದ ಸಂಬಂಧ ಹೇಳಲು ಹ್ಯೂ, ಬಣ್ಣ ಹಾಕಲು # ಗುರುತಿನ ಆರಕ್ಷರದ ಹೆಕ್ಸ್ ಕೋಡ್ ಅಂತ ಇಟ್ಟುಕೊಂಡೆವು.

ಇಷ್ಟಾದರೂ ಒಂದು ಚಿತ್ರ ನನಗೆ ಸಮಾಧಾನ ಕೊಡಲಿಲ್ಲ. ಕೆರೆಯ ನೀರು ಗುಡ್ಡದ ಬುಡಕ್ಕೆ ತಾಗುವ ಕಡೆ ಎಲ್ಲವೂ ಮಸಕು ಮಸಕು. ಬಣ್ಣ ಬೇರೆಬೇರೆ ಇವೆ, ಆದರೂ ಗೆರೆ ಕಾಣುವುದಿಲ್ಲ. ಕಪ್ಪು-ಬಿಳುಪು ಮಾಡಿ ನೋಡಿದರೆ ಗೊತ್ತಾಗುತ್ತದೆ ಅಂತ HSL ಲೆಕ್ಕದ ಸ್ಯಾಚುರೇಶನ್ ಸೊನ್ನೆಗೆ ಎಳೆದೆ. ಅದರಲ್ಲಿ ಕಲ್ಲೂ ಅರಿಶಿಣವೂ ಒಂದೇ ಬೂದು ಬಣ್ಣ! ಕಣ್ಣಿಗೆ ಅರಿಶಿಣ ಅಷ್ಟು ಹೊಳೆಯುತ್ತದೆ, ಆದರೆ HSL ಲೆಕ್ಕದಲ್ಲಿ ಎರಡರ ಲೈಟ್‌ನೆಸ್ಸೂ 50. ಆ ಲೆಕ್ಕ ನಮ್ಮ ಕಣ್ಣನ್ನು ಕೇಳಿ ಮಾಡಿದ್ದಲ್ಲ. ನಮ್ಮ ಕಣ್ಣಿಗೆ ಹಸಿರಿನ ಅಂಶ ಜಾಸ್ತಿ ಬೆಳಕಾಗಿ ಕಾಣುತ್ತದೆ, ನೀಲಿಯ ಅಂಶ ತುಂಬಾ ಕಮ್ಮಿ.

ಇದಕ್ಕೆ ಸರಿಯಾದ ದಾರಿ GIMPನ `Colors > Desaturate > Desaturate` ಒಳಗಿನ `Luma`. ಅದರಲ್ಲಿ ನೋಡಿದಾಗ ಅರಿಶಿಣ 181, ಕಲ್ಲು 117, ಕೆರೆ 103 ಬಂತು. ಇಲ್ಲಿ 0 ಅಂದರೆ ಕಪ್ಪು, 255 ಅಂದರೆ ಬಿಳಿ. ಕಲ್ಲಿಗೂ ಕೆರೆಗೂ ಬರೀ 14ರ ಅಂತರ, ಹಾಗಾಗಿಯೇ ಗೆರೆ ಕರಗಿಹೋಗಿತ್ತು. ಕೆರೆಯ ಹ್ಯೂ ಮುಟ್ಟದೆ ಅದನ್ನು ಗಾಢ ಮಾಡಿದೆ. `#3F7467` ಇದ್ದದ್ದು `#2D5D51` ಆಯಿತು, ಬೂದಿನ ಲೆಕ್ಕದಲ್ಲಿ 82ಕ್ಕೆ ಇಳಿಯಿತು. ಗುಡ್ಡದ ಬುಡ ಒಮ್ಮೆಲೇ ಎದ್ದು ನಿಂತಿತು. ಸ್ಪ್ಲಿಟ್ ಕಾಂಪ್ಲಿಮೆಂಟರಿ ಮೊದಲಿನಂತೆಯೇ ಉಳಿಯಿತು, ಯಾಕೆಂದರೆ ಹಾರ್ಮನಿ ಹ್ಯೂಗಳ ನಡುವಿನ ಮಾತು ಮಾತ್ರ. ಬೆಳಕು-ಕತ್ತಲೆಯ ಮೆಟ್ಟಿಲನ್ನು ಬೇರೆಯಾಗಿಯೇ ಬರೆಯಬೇಕು.

ಕೊನೆಗೆ ಚೀಟಿ ಹೀಗಾಯಿತು. ಕೊನೆಯ ಅಂಕಿ ಬೂದಿನ ಮೆಟ್ಟಿಲು:

```
ರೊಟ್ಟಿ ಬಿಳಿ        #EDE4D4   30%   229
ಅರಿಶಿಣ            #E6B31A    3%   181
ಗುಡ್ಡದ ಕಲ್ಲು       #B5654A   45%   117
ಕೆರೆ ಹಸಿರು         #2D5D51   12%    82
ಸೀರೆ ನೀಲಿ         #263359   10%    50
```

ನಡುವಿನ ಶೇಕಡಾವಾರು ಅಂಕಿ ಆ ಬಣ್ಣ ಎಷ್ಟು ಜಾಗ ಹಿಡಿಯಬೇಕು ಅನ್ನುವುದು. ಇದು ಇಡೀ ಸೆಟ್ಟಿನ ಸರಾಸರಿ. ಭೂತನಾಥ ಗುಡಿಯ ಚಿತ್ರದಲ್ಲಿ ನೀರೇ ಅರ್ಧ ತುಂಬುತ್ತದೆ, ಅದಕ್ಕೆ ಅಡ್ಡಿಯಿಲ್ಲ. ಅರಿಶಿಣಕ್ಕೆ ಮಾತ್ರ ನಾನು ಬಿಗಿ ಹಿಡಿದೆ. ಪ್ರತಿ ಚಿತ್ರದಲ್ಲೂ ಒಂದೇ ಕಡೆ, ಮಗು ಮೊದಲು ನೋಡಬೇಕಾದ ಕಡೆ ಮಾತ್ರ. ಅವಳ ಒಂದು ಚಿತ್ರದಲ್ಲಿ ಅದು ಹೂವಿಗೂ, ಕಿಟಕಿಗೂ, ದೀಪಕ್ಕೂ ಬಿದ್ದಿತ್ತು. ಆ ಕಾರ್ಡ್ ಬೇರೆ ಸೆಟ್ಟಿನದು ಅನ್ನಿಸಿತು, ಬಣ್ಣಗಳೆಲ್ಲ ಚೀಟಿಯವೇ ಆಗಿದ್ದರೂ.

ಸೀರೆಯಲ್ಲಿ ನನಗೆ ಜಾಸ್ತಿ ಹೊತ್ತು ಹಿಡಿಯಿತು. ಇಳಕಲ್ ಸೀರೆಯ ಟೋಪ್ ತೆನಿ ಅನ್ನುವ, ಹಲ್ಲಿನಂಥ ವಿನ್ಯಾಸದ ಸೆರಗು ಕೆಂಪು-ಬಿಳಿ. ಆ ಕೆಂಪು ನಮ್ಮ ಚೀಟಿಯಲ್ಲಿ ಇಲ್ಲ. ಕುಂಕುಮದ ಕೆಂಪು ಸೇರಿಸಿ ನೋಡಿದೆ. ಅದು ಇಡೀ ಚಿತ್ರದಲ್ಲಿ ಕೂಗುತ್ತಿತ್ತು, ಪಕ್ಕದ ಗುಡ್ಡ ಸಪ್ಪೆಯಾಯಿತು. ಆಮೇಲೆ ಕಲ್ಲಿನ 15 ಡಿಗ್ರಿಯನ್ನೇ ಇಟ್ಟುಕೊಂಡು, ಸ್ಯಾಚುರೇಶನ್ ಏರಿಸಿ, ಗಾಢ ಮಾಡಿ `#8F3E24` ತಂದೆ. ಬಿಡಿಯಾಗಿ ನೋಡಿದರೆ ಅದು ಸುಟ್ಟ ಇಟ್ಟಂಗಿ. ಆದರೆ ಒಂದು ಕಡೆ ಆ ಕಡು ನೀಲಿ, ಇನ್ನೊಂದು ಕಡೆ ರೊಟ್ಟಿ ಬಿಳಿ ಬಂದಾಗ ಕಣ್ಣು ಅದನ್ನು ಕೆಂಪು ಅಂತಲೇ ಓದುತ್ತದೆ. ಮನೆಯಲ್ಲಿ ದಿನವೂ ಇಳಕಲ್ ಸೀರೆ ಉಡುವ ಅತ್ತೆಗೆ ತೋರಿಸಿದೆ. ಸೆರಗಿನ ಬಣ್ಣದ ಬಗ್ಗೆ ಒಂದು ಮಾತೂ ಹೇಳಲಿಲ್ಲ, ತೆನೆಯ ಹಲ್ಲುಗಳು ಮೊಂಡಾಗಿವೆ ಅಂದರು. ಸೀರೆಯನ್ನೇ ಮಾತ್ರ ತೋರಿಸುವ ಪುಸ್ತಕವಾಗಿದ್ದರೆ ನಾನು ಹೀಗೆ ಮಾಡುತ್ತಿರಲಿಲ್ಲ, ನೇಕಾರರ ಬಣ್ಣವನ್ನೇ ಹಾಕಬೇಕಿತ್ತು. ಇಲ್ಲಿ ಕಥೆ ಗುಡ್ಡದ್ದು.

ನೆರಳಿಗೆ ಕಪ್ಪು ಬೇಡ ಅಂತಲೂ ಚೀಟಿಯಲ್ಲಿ ಬರೆದೆವು. ಆಯಾ ಬಣ್ಣದ ಮೇಲೆ ಸೀರೆ ನೀಲಿಯನ್ನು, ಕೆಳಗಿನ ಬಣ್ಣವನ್ನು ಗಾಢ ಮಾಡುವ `Multiply` ಲೇಯರಿನಲ್ಲಿ 40% ಇಟ್ಟರೆ ಅದೇ ನೆರಳು. ಸಂಜೆಗತ್ತಲ ಚಿತ್ರಕ್ಕೆ ಅದೇ ಲೇಯರನ್ನು ಇಡೀ ಚಿತ್ರದ ಮೇಲೆ ಹಾಕಿ, ದೀಪದ ಅರಿಶಿಣವನ್ನು ಮಾತ್ರ ಅದರ ಮೇಲೆ ತಂದೆವು. ಹೊಸ ಬಣ್ಣ ಒಂದೂ ಬೇಕಾಗಲಿಲ್ಲ.

ಹನ್ನೆರಡೂ ಮುಗಿದ ಮೇಲೆ ಎಲ್ಲವನ್ನೂ ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ ಒಂದೇ ಹಾಳೆಯಲ್ಲಿ ಜೋಡಿಸಿದೆ, ಒಮ್ಮೆ ಬಣ್ಣದಲ್ಲಿ, ಒಮ್ಮೆ `Luma` ಬೂದಿನಲ್ಲಿ. ಬಣ್ಣದ ಹಾಳೆಯಲ್ಲಿ ಏನೂ ಎದ್ದು ಕಾಣಲಿಲ್ಲ. ಬೂದಿನ ಹಾಳೆಯಲ್ಲಿ ಒಂಬತ್ತನೆಯ ಕಾರ್ಡ್ ಸಿಕ್ಕಿಬಿತ್ತು. ಕೆರೆಯ ದಂಡೆಯಲ್ಲಿ ಕೊಡ ಹಿಡಿದು ನಿಂತ ಹೆಂಗಸಿನ ನೀಲಿ ಸೀರೆ ನೀರಿನೊಳಗೆ ಮುಳುಗಿಹೋಗಿತ್ತು. ಸೀರೆಯ 50ಕ್ಕೂ ಕೆರೆಯ 82ಕ್ಕೂ ಅಂತರ ದೊಡ್ಡ ಆಕಾರಕ್ಕೆ ಸಾಕು, ಇಷ್ಟು ಚಿಕ್ಕ ಆಕೃತಿಗೆ ಸಾಲದು. ಅದು ನನ್ನದೇ ಚಿತ್ರ. ಸೀರೆಯ ಅಂಚನ್ನು ರೊಟ್ಟಿ ಬಿಳಿಯಲ್ಲಿ ಅಗಲ ಮಾಡಿ ಬರೆದೆ, ಹೆಂಗಸು ದಂಡೆಗೆ ಬಂದಳು. ಚೀಟಿಯ ಕೆಳಗೆ ತಂಗಿ ತನ್ನ ಕೈಯಿಂದ ಸೇರಿಸಿದಳು: "ನೀಲಿ ಹಸಿರಿಗೆ ತಾಗಿದರೆ ನಡುವೆ ಬಿಳಿ ಅಂಚು."