ಇಪ್ಪತ್ತೊಂದು ವರ್ಷ ಚಿಕ್ಕವನೊಬ್ಬ ನನ್ನ ಹಿಂದೆ ಮುಂದೆ ಸುತ್ತಿದಾಗ

ನನಗೆ ಆಗ 47 ವರ್ಷ, ಅವನಿಗೆ 26. ಇಬ್ಬರೂ ಒಂದೇ ಹವ್ಯಾಸಿ ನಾಟಕ ತಂಡದಲ್ಲಿದ್ದೆವು. ನಾನು ಲೈಟಿಂಗ್ ನೋಡಿಕೊಳ್ಳುತ್ತಿದ್ದೆ. ಅವನು ನಟನಾಗಬೇಕು ಅಂತ ಹೊಸದಾಗಿ ಸೇರಿದ್ದ. ರಿಹರ್ಸಲ್‌ಗೆ ಎಲ್ಲರಿಗಿಂತ ಮೊದಲು ಬಂದು ನನ್ನ ಕೇಬಲ್ ಬಿಡಿಸಿ ಇಡುತ್ತಿದ್ದ, ನಾನು ಏಣಿ ಹತ್ತಿದರೆ ಬಂದು ಹಿಡಿಯುತ್ತಿದ್ದ. ನಾನು ಎಲ್ಲಿ ಕೂತರೂ ಪಕ್ಕದ ಕುರ್ಚಿ ಅವನದೇ. ರಾತ್ರಿಯಾದರೆ ಮೆಸೇಜ್. ಒಂದೊಂದನ್ನೇ ತೆಗೆದುಕೊಂಡರೆ ಯಾವುದೂ ತಪ್ಪಲ್ಲ. ಆದರೆ ವಾರಗಟ್ಟಲೆ ಬಿಡದೆ ನಡೆಯಿತು. ನಾನು ವಿಚ್ಛೇದನವಾಗಿ ಒಬ್ಬಳೇ ಇರುವುದು ತಂಡದಲ್ಲಿ ಎಲ್ಲರಿಗೂ ಗೊತ್ತಿತ್ತು, ಅವನಿಗೂ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಇಬ್ಬರೂ ವಯಸ್ಕರಾಗಿರುವಾಗಿನ ವಿಷಯ. ಒಬ್ಬರು ಹದಿನೆಂಟರೊಳಗಿನವರಾದರೆ ಉದ್ದೇಶ ಏನು ಅಂತ ಅಳೆಯುತ್ತಾ ಕೂರುವ ಪ್ರಶ್ನೆಯೇ ಇಲ್ಲ. ದೊಡ್ಡವರು ದೂರ ಸರಿಯಬೇಕು, ಮಗುವಿನ ಮನೆಯವರಿಗೆ ತಿಳಿಸಬೇಕು, ಅಷ್ಟೇ.

ನನ್ನ ಸ್ನೇಹಿತರ ಬಳಿ ಎರಡು ತೀರ್ಪು ಸಿದ್ಧವಾಗಿದ್ದವು. "ಪಾಪ, ಅಮ್ಮನ ಥರ ನೋಡ್ತಾನೆ" ಅನ್ನುವುದು ಒಂದು. "ಪಾರ್ಟ್ ಬೇಕು, ಅದಕ್ಕೇ ನಿನ್ನ ಹಿಂದೆ ಬಿದ್ದಿದ್ದಾನೆ" ಅನ್ನುವುದು ಇನ್ನೊಂದು. ಎರಡೂ ನಿಜ ಇರಬಹುದಿತ್ತು. ಆದರೆ ತೀರ್ಪು ಮೊದಲೇ ಬಂದರೆ ಆಮೇಲೆ ಕಾಣುವುದೆಲ್ಲ ಅದಕ್ಕೆ ಹೊಂದುವ ಹಾಗೇ ಕಾಣುತ್ತದೆ. ಹಾಗಾಗಿ ನಾನು ಲೈಟಿಂಗ್ ಕ್ಯೂ ಬರೆಯುವ ಪುಸ್ತಕದ ಹಿಂದಿನ ಪುಟಗಳಲ್ಲಿ ನಡೆದದ್ದನ್ನು ಮಾತ್ರ ಬರೆಯಲು ಶುರು ಮಾಡಿದೆ. ಯಾರು ಮೊದಲು ಮಾತು ತೆಗೆದರು, ಎಲ್ಲಿ, ಜೊತೆಗೆ ಬೇರೆ ಯಾರಿದ್ದರು, ಏನಾದರೂ ಕೇಳಿದನಾ, ಆಗ ನನಗೆ ಹೇಗನ್ನಿಸಿತು. "ಪ್ರೀತಿ ತೋರಿಸಿದ" ಅಂತ ಬರೆಯುತ್ತಿರಲಿಲ್ಲ. "ಎಲ್ಲರೂ ಹೊರಟ ಮೇಲೂ ಉಳಿದ, ಮನೆಗೆ ಬಿಡಲಾ ಅಂತ ಕೇಳಿದ" ಅಂತ ಬರೆಯುತ್ತಿದ್ದೆ.

ಈ ಪುಟಗಳಿಂದ ಮೊದಲು ಗೊತ್ತಾದದ್ದು ನನ್ನ ವಿಷಯವೇ. ಅವನು ಹತ್ತಿರ ಇದ್ದರೆ ನನಗೆ ಹಿತವಾ, ಕಸಿವಿಸಿಯಾ ಅಂತ ಅಲ್ಲಿಯವರೆಗೆ ಒಟ್ಟಾಗಿ ಕೇಳಿಕೊಳ್ಳುತ್ತಿದ್ದೆ. ಉತ್ತರ ದಿನಕ್ಕೊಂದು ಥರ ಬರುತ್ತಿತ್ತು. ಬರೆದದ್ದನ್ನು ನೋಡಿದರೆ ಜಾಗಕ್ಕೆ ತಕ್ಕ ಹಾಗೆ ಬದಲಾಗುತ್ತಿತ್ತು. ಲೈಟ್ ನಿಯಂತ್ರಿಸುವ ಕನ್ಸೋಲ್ ಪಕ್ಕ ಕೂತು ಡಿಮ್ಮರ್ ಬಗ್ಗೆ ಕೇಳುವಾಗ ಖುಷಿಯಾಗುತ್ತಿತ್ತು. ರಾತ್ರಿ ಹನ್ನೊಂದರ ಮೇಲೆ ಫೋನ್ ಮಿನುಗಿದರೆ ಹೊಟ್ಟೆ ಬಿಗಿಯುತ್ತಿತ್ತು. ಅವನ ಬೈಕಿನಲ್ಲಿ ಕೂರುವ ಮಾತು ಬಂದರೆ ಸುಮ್ನೆ ಏನೋ ನೆಪ ಹೇಳುತ್ತಿದ್ದೆ. ಅಂದರೆ ಕಷ್ಟ ಆಗುತ್ತಿದ್ದದ್ದು ಅವನಿಂದಲ್ಲ, ಕೆಲವು ಸಂದರ್ಭಗಳಿಂದ. ಇದು ಗೊತ್ತಾದ ಮೇಲೆ ಎಲ್ಲಿ ಗೆರೆ ಎಳೆಯಬೇಕು ಅನ್ನುವುದು ಸುಲಭವಾಯಿತು. ಇನ್ನೊಂದನ್ನೂ ಬರೆದುಕೊಂಡಿದ್ದೆ: ಈ ಗಮನ ನನಗೆ ಇಷ್ಟವಾಗುತ್ತಿತ್ತು. ಬಹಳ ದಿನದಿಂದ ಯಾರೂ ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿರಲಿಲ್ಲ. ಈ ಖುಷಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಎದುರಿನವನ ಉದ್ದೇಶ ಇರುವುದಕ್ಕಿಂತ ಚೆನ್ನಾಗಿಯೇ ಕಾಣುತ್ತದೆ.

ಉದ್ದೇಶ ತಿಳಿಯಲು ನಾನು ನೋಡಿದ್ದು, ನನ್ನಿಂದ ಸಿಗುವುದೇನೂ ಇಲ್ಲದಾಗ ಗಮನ ಏನಾಗುತ್ತದೆ ಅನ್ನುವುದನ್ನು. ಇದಕ್ಕೆ ನಾಟಕ ಆಡಬೇಕಾಗಲಿಲ್ಲ, ಸಂದರ್ಭ ತಾನಾಗಿಯೇ ಬಂತು. ಹೊಸ ನಾಟಕಕ್ಕೆ ಪಾತ್ರ ಹಂಚುವ ಸಭೆಗೆ ನಾನು ಹೋಗುವುದಿಲ್ಲ ಅಂತ ನಿರ್ದೇಶಕರಿಗೆ ಎಲ್ಲರೆದುರೇ ಹೇಳಿದ್ದೆ. ಅವನಿಗೆ ಸಣ್ಣ ಪಾತ್ರವೂ ಸಿಗಲಿಲ್ಲ. ಮಾರನೇ ವಾರವೂ ಅವನು ಮೊದಲೇ ಬಂದು ಕೇಬಲ್ ಬಿಡಿಸುತ್ತಿದ್ದ. ಇದರಿಂದ ಒಂದು ಅನುಮಾನ ಕಳೆಯಿತು, ಅಷ್ಟೇ. ಪಾತ್ರಕ್ಕಾಗಿ ಮಾತ್ರ ಬಂದವನಲ್ಲ ಅಂತ ಗೊತ್ತಾಯಿತು. ಮತ್ತೆ ಯಾಕೆ ಬರುತ್ತಾನೆ ಅನ್ನುವುದು ಇನ್ನೂ ಗೊತ್ತಿರಲಿಲ್ಲ. ಒಂದು ಪರೀಕ್ಷೆಯಲ್ಲಿ ಪಾಸಾದವನನ್ನು ಎಲ್ಲದರಲ್ಲೂ ಪಾಸು ಮಾಡಿಬಿಡುವ ಆಸೆ ಆಗುತ್ತದೆ. ಅದನ್ನು ತಡೆಯಬೇಕು.

ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ತಿಳಿಯುವುದು ಒಂದು ಸಣ್ಣ "ಬೇಡ"ದಿಂದ. ದೊಡ್ಡದಕ್ಕೆ ಬೇಡ ಅನ್ನುವ ಪರಿಸ್ಥಿತಿ ಬರುವವರೆಗೆ ಕಾಯಬಾರದು. ನಾನು ಮೆಸೇಜ್‌ನಿಂದ ಶುರು ಮಾಡಿದೆ. "ರಾತ್ರಿ ಹತ್ತರ ಮೇಲೆ ನಾನು ಫೋನ್ ನೋಡಲ್ಲ. ಹಗಲು ಬರಿ, ಉತ್ತರ ಕೊಡ್ತೀನಿ" ಅಂತ ಹಗಲಲ್ಲೇ ಬರೆದೆ. ಕಾರಣ ಕೊಡಲಿಲ್ಲ. ಕಾರಣ ಕೊಟ್ಟರೆ ಎದುರಿನವರು ಕಾರಣದ ಜೊತೆ ವಾದಕ್ಕಿಳಿಯುತ್ತಾರೆ, ಆಗ "ಬೇಡ" ಅನ್ನುವುದಕ್ಕೆ ಏನು ಮಾಡುತ್ತಾರೆ ಅಂತ ಕಾಣುವುದಿಲ್ಲ.

ಆಮೇಲೆ ನೋಡಬೇಕಾದ್ದು ಉತ್ತರವನ್ನಲ್ಲ, ಮುಂದಿನ ಕೆಲವು ವಾರಗಳನ್ನು. "ಆಯ್ತು" ಅಂತ ಯಾರು ಬೇಕಾದರೂ ಬರೆಯುತ್ತಾರೆ. ಮೆಸೇಜ್ ನಿಲ್ಲಿಸಿ ಫೋನ್ ಮಾಡಲು ಶುರು ಮಾಡಿದರೆ ಅದು ಒಪ್ಪಿದ್ದಲ್ಲ, ಬೇರೆ ಬಾಗಿಲು ಹುಡುಕಿದ್ದು. ಮುನಿಸು ತೋರಿಸಿದರೆ "ಬೇಡ" ಅಂದದ್ದಕ್ಕೆ ದಂಡ ಹಾಕಿದ ಹಾಗೆ. "ನಾನು ಕೆಟ್ಟವನು, ನಿಮಗೆ ತೊಂದರೆ ಕೊಟ್ಟೆ" ಅಂತ ಅತಿಯಾಗಿ ಕ್ಷಮೆ ಕೇಳುವುದೂ ಸೂಕ್ಷ್ಮವಾಗಿ ಅಂಥದ್ದೇ. ಕೊನೆಗೆ ನಾವೇ ಅವರನ್ನು ಸಮಾಧಾನ ಮಾಡುತ್ತಾ ಕೂರುತ್ತೇವೆ, ಮುಂದಿನ ಸಲ ಬೇಡ ಅನ್ನಲು ಹಿಂಜರಿಯುತ್ತೇವೆ.

ಅವನು ಈ ಕೊನೆಯದನ್ನೇ ಮಾಡಿದ. ಉದ್ದದ ಕ್ಷಮೆ ಬಂತು. ನಾನು ಸಮಾಧಾನ ಹೇಳಲಿಲ್ಲ, "ಪರವಾಗಿಲ್ಲ, ಶನಿವಾರ ಸಿಗೋಣ" ಅಂತಷ್ಟೇ ಬರೆದೆ. ಕೆಲವು ದಿನ ಮೌನ. ಶನಿವಾರ ಮುಖ ಸಪ್ಪೆಯಾಗಿತ್ತು, ಆದರೆ ಕೆಲಸ ಎಂದಿನಂತೆ ಮಾಡಿದ. ಆಮೇಲೆ ಮೆಸೇಜ್ ಮತ್ತೆ ಬಂದವು, ಸಂಜೆಯ ಹೊತ್ತಿಗೆ. ಹತ್ತು ಗಂಟೆ ದಾಟಲೇ ಇಲ್ಲ. ಕ್ಷಮೆ ಅತಿಯಾಯಿತು, ಆದರೆ ನಡವಳಿಕೆ ಬದಲಾಯಿತು, ಬದಲಾದದ್ದು ಉಳಿಯಿತು. ಎರಡರಲ್ಲಿ ನಾನು ನಡವಳಿಕೆಗೇ ತೂಕ ಕೊಟ್ಟೆ.

ನನ್ನ ಸ್ನೇಹಿತೆಯೊಬ್ಬಳಿಗೆ ಇದೇ ಹಂತದಲ್ಲಿ ಬೇರೆಯೇ ಅನುಭವವಾಯಿತು. ಅವಳ ಹಿಂದೆ ಬಿದ್ದವರು ಅವಳಿಗಿಂತ ಇಪ್ಪತ್ತೈದು ವರ್ಷ ದೊಡ್ಡವರು, ಬಹಳ ಗೌರವಸ್ಥರು. ಉಡುಗೊರೆ ಬೇಡ ಅಂದಳು. ಅವರು ನಗುತ್ತಾ "ನಿನಗೆ ಈಗ ಅರ್ಥ ಆಗಲ್ಲ" ಅಂದರು, ಉಡುಗೊರೆ ಮತ್ತೆ ಬಂತು. ವಯಸ್ಸಿನ ಅಂತರವನ್ನೇ ಅವಳ ಮಾತನ್ನು ತಳ್ಳಿಹಾಕಲು ಬಳಸಿದರು. "ಇದು ನಮ್ಮಿಬ್ಬರಲ್ಲೇ ಇರಲಿ" ಅನ್ನುವ ಮಾತೂ ಬೇಗ ಬಂತು. ಅವಳು ಅಲ್ಲಿಗೇ ನಿಲ್ಲಿಸಿದಳು. ಗುಟ್ಟು, ಅವಸರ, ಹಣದ ಮಾತು, ಉಳಿದ ಸ್ನೇಹಿತರಿಂದ ದೂರ ಎಳೆಯುವುದು, ಇವು ಕಂಡರೆ ಉದ್ದೇಶ ಹುಡುಕುತ್ತಾ ಇರಬೇಕಿಲ್ಲ. ಉದ್ದೇಶ ಏನೇ ಇರಲಿ, ಹೊರಬರುವುದೇ ಸರಿ.

ನನ್ನ ವಿಷಯದಲ್ಲಿ ಗುಟ್ಟು ಇತ್ತಾ ಅಂತಲೂ ನೋಡಿದೆ. ಸ್ವಲ್ಪ ಇತ್ತು. ಎಲ್ಲರೆದುರು "ಮೇಡಂ" ಅನ್ನುವವನು ಮೆಸೇಜ್‌ನಲ್ಲಿ ಹೆಸರು ಹಿಡಿದು ಬರೆಯುತ್ತಿದ್ದ. ನಾನು ಅದನ್ನು ಬೆಳಕಿಗೆ ತಂದೆ. ಅವನು ಮೆಸೇಜ್‌ನಲ್ಲಿ ಕೇಳಿದ ಪ್ರಶ್ನೆಯನ್ನು ರಿಹರ್ಸಲ್‌ನಲ್ಲಿ ಎಲ್ಲರ ಮುಂದೆ ಎತ್ತಿ ಉತ್ತರ ಕೊಟ್ಟೆ. ಅವನು ಕೆಂಪಾದ, ಆದರೆ ಮಾತು ಮುಂದುವರಿಸಿದ. ಗುಂಪಿನಲ್ಲಿ ಬದುಕಿ ಉಳಿಯದ ಗಮನ ಆಗಿದ್ದರೆ ಅಲ್ಲೇ ಮಾತು ತಿರುಗಿಸುತ್ತಿದ್ದ.

ಇನ್ನು ಅವನ ಕಡೆ. ಇದನ್ನು ಜನ ಮರೆಯುತ್ತಾರೆ, ಅದರಲ್ಲೂ ಹಿಂದೆ ಬಿದ್ದವನು ಅವನೇ ಆದಾಗ. ನಾನು ದೊಡ್ಡವಳು, ತಂಡದಲ್ಲಿ ಹಳಬಳು. ಅವನು ನನಗೆ ಯಾವತ್ತೂ "ಆಗಲ್ಲ" ಅಂದಿರಲಿಲ್ಲ. ಯಾವತ್ತೂ ಆಗಲ್ಲ ಅನ್ನದವನ "ಹೂಂ"ನಿಂದ ಏನೂ ತಿಳಿಯುವುದಿಲ್ಲ. "ಬೇಡ ಅಂದ್ರೆ ಬೇಡ ಅನ್ನು, ನನಗೇನೂ ಬೇಜಾರಿಲ್ಲ" ಅಂತ ಹೇಳಿ ನೋಡಿದೆ, ಕೆಲಸ ಮಾಡಲಿಲ್ಲ. ಮುಖಕ್ಕೆ ಮುಖ ಕೊಟ್ಟು ದೊಡ್ಡವರಿಗೆ ಯಾರು ಬೇಡ ಅನ್ನುತ್ತಾರೆ? ಹಾಗಾಗಿ ಕೇಳುವ ರೀತಿ ಬದಲಿಸಿದೆ. "ಭಾನುವಾರ ಲೈಟ್ ಕಟ್ಟಲು ಇಬ್ಬರು ಸಾಕು, ಯಾರು ಬರ್ತೀರಿ?" ಅಂತ ತಂಡಕ್ಕೇ ಮೆಸೇಜ್ ಹಾಕುತ್ತಿದ್ದೆ. ಉತ್ತರಿಸಲು ಸಮಯವಿರುತ್ತಿತ್ತು, ಸುಮ್ಮನಿದ್ದರೂ ನಡೆಯುತ್ತಿತ್ತು. ಒಂದು ಸಲ ಅವನು ಸುಮ್ಮನಿದ್ದ. ಮುಂದೆ ಸಿಕ್ಕಾಗ ನಾನು ಆ ಮಾತೇ ಎತ್ತಲಿಲ್ಲ. ಆಮೇಲೆ "ಈ ವಾರ ಆಗಲ್ಲ ಮೇಡಂ" ಅಂತ ತಾನೇ ಹೇಳತೊಡಗಿದ. ಅಲ್ಲಿಂದ ಅವನು "ಬರ್ತೀನಿ" ಅಂದರೆ ನಂಬಬಹುದಿತ್ತು.

ಇಷ್ಟಾದ ಮೇಲೇ ನೇರವಾಗಿ ಕೇಳಿದ್ದು. ಹಗಲು ಹೊತ್ತು, ಜನ ಓಡಾಡುವ ಜಾಗ, ಅವನ ಬೈಕ್ ಪಕ್ಕದಲ್ಲೇ ಇತ್ತು, ಬೇಕೆಂದರೆ ಎದ್ದು ಹೋಗಬಹುದಿತ್ತು. "ನನ್ನ ಮೇಲೆ ಮನಸ್ಸಿದೆಯಾ?" ಅಂತ ಕೇಳಿದರೆ ಹೌದು ಅನ್ನಲೂ ಭಯ, ಇಲ್ಲ ಅನ್ನಲೂ ಭಯ. ನಾನು ನೋಡಿದ್ದನ್ನು ಹೇಳಿದೆ. "ದಿನಾ ಮೆಸೇಜ್ ಮಾಡ್ತೀಯ, ಮನೆಗೆ ಬಿಡ್ತೀನಿ ಅಂತೀಯ. ನನಗೆ ನಿನ್ನ ಜೊತೆ ಕೆಲಸ ಮಾಡೋದು ಇಷ್ಟ. ಅದಕ್ಕಿಂತ ಜಾಸ್ತಿ ಏನಾದ್ರೂ ನಿನ್ನ ಮನಸ್ಸಲ್ಲಿದ್ದರೆ ಈಗ ಹೇಳು, ಆಮೇಲಾದರೂ ಹೇಳು. ನನ್ನ ಮನಸ್ಸಲ್ಲಿ ಅದಿಲ್ಲ."

ಅವನು ತುಂಬಾ ಹೊತ್ತು ಬೈಕಿನ ಕೀ ತಿರುಗಿಸುತ್ತಾ ಕೂತ. ಆಮೇಲೆ ಹೇಳಿದ್ದು ಒಂದೇ ಉದ್ದೇಶವಲ್ಲ. ಅವನ ಮನೆಯಲ್ಲಿ ಯಾರೂ ನಾಟಕದ ಮಾತು ಕೇಳುವುದಿಲ್ಲ. ನಾನು ಕೇಳುತ್ತೇನೆ. ಮೊದಮೊದಲು ಪಾತ್ರ ಕೊಡಿಸಬಹುದು ಅಂತಲೂ ಇತ್ತು. ಹೌದು, ಇಷ್ಟವೂ ಆಗಿತ್ತು. "ಯಾವುದು ಎಷ್ಟು ಅಂತ ನನಗೇ ಗೊತ್ತಿಲ್ಲ ಮೇಡಂ" ಅಂದ. ನನ್ನ ಸ್ನೇಹಿತರು ಕೊಟ್ಟ ಯಾವ ತೀರ್ಪಿಗಿಂತಲೂ ಇದು ನನ್ನ ಪುಟಗಳ ಜೊತೆ ಹೊಂದುತ್ತಿತ್ತು.

ನಾವು ದೂರವಾಗಲಿಲ್ಲ. ಮಾತುಕತೆ ಕನ್ಸೋಲ್ ಪಕ್ಕದಲ್ಲಿ, ಮೆಸೇಜ್ ಸಂಜೆಯೊಳಗೆ, ಬೈಕ್ ಪ್ರಯಾಣ ಇಲ್ಲ. ಮುಂದೆ ನಿರ್ದೇಶಕರು ಪಾತ್ರ ಆರಿಸಲು ನನ್ನನ್ನೂ ಕೂರಿಸಲು ಬಯಸಿದರು. ಆಗ ನಾನು ಈ ಹಿಂದೆ ತಿಳಿದುಕೊಂಡದ್ದೆಲ್ಲ ಮತ್ತೆ ಅನುಮಾನಕ್ಕೆ ಬರುತ್ತಿತ್ತು, ಯಾಕೆಂದರೆ ಈಗ ನನ್ನ ಕೈಯಲ್ಲಿ ಅವನಿಗೆ ಬೇಕಾದದ್ದಿತ್ತು. ಅವನ ಸರದಿ ಬಂದಾಗ ನಾನು ಹೊರಗಿರುತ್ತೇನೆ ಅಂತ ನಿರ್ದೇಶಕರಿಗೆ ಹೇಳಿದೆ. ಯಾಕೆ ಅಂತ ಅವರು ಕೇಳಿದರು, ಹೇಳಿದೆ. ಹೇಳಿದ್ದೇನೆ ಅಂತ ಅವನಿಗೂ ಅದೇ ದಿನ ತಿಳಿಸಿದೆ.